ಪಿವಟ್‌ನಲ್ಲಿ ಜನವರಿ-ಮಾರ್ಚ್ Q1 ಅಂತ ಬರುತ್ತಿದೆ, ಏಪ್ರಿಲ್‌ನಿಂದ ಮಾರ್ಚ್‌ಗೆ ಕ್ವಾರ್ಟರ್ ಮಾಡೋದು ಹೇಗೆ?

ಗೊಬ್ಬರದಂಗಡಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರ ನಮ್ಮದೊಂದು ಗೊಬ್ಬರ, ಬೀಜ, ಔಷಧಿ ಅಂಗಡಿ ಇದೆ. ಅಪ್ಪ ವ್ಯಾಪಾರ ನೋಡ್ತಾರೆ, ಲೆಕ್ಕ ನನ್ನ ತಲೆಗೆ ಬಿದ್ದಿದೆ. ಆಡಿಟರ್ ಈಗ ಮೂರು ವರ್ಷದ ಮಾರಾಟವನ್ನು ಹಣಕಾಸು ವರ್ಷದ ಲೆಕ್ಕದಲ್ಲಿ, ಒಂದೊಂದು ವರ್ಷಕ್ಕೆ ನಾಲ್ಕು ಕ್ವಾರ್ಟರ್ ಮಾಡಿ ಕೊಡು ಅಂದಿದ್ದಾರೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಎಕ್ಸೆಲ್‌ಗೆ ಇಳಿಸಿಕೊಂಡೆ, ಪಿವಟ್ ಟೇಬಲ್ ಮಾಡಿದೆ, ದಿನಾಂಕದ ಮೇಲೆ ರೈಟ್ ಕ್ಲಿಕ್ ಮಾಡಿ Group ಕೊಟ್ಟೆ, Quarters ಮತ್ತು Years ಆರಿಸಿದೆ. ಜನವರಿ-ಮಾರ್ಚ್ Qtr1 ಅಂತ ಬಂತು. ಏಪ್ರಿಲ್‌ನಿಂದ ಶುರು ಮಾಡು ಅಂತ ಹೇಳೋಕೆ ಎಲ್ಲೂ ಜಾಗ ಕಾಣಿಸ್ತಿಲ್ಲ. ಹೆಸರು ಬದಲಿಸಿ Qtr2 ಇದ್ದದ್ದನ್ನು Q1 ಅಂತ ಬರೆದುಬಿಡೋಣ ಅಂದ್ರೆ ಜನವರಿ-ಮಾರ್ಚ್ ಮುಂದಿನ ವರ್ಷದ ಕೆಳಗೆ ಹೋಗಿ ಕೂತಿರುತ್ತೆ. ಏನು ಮಾಡೋದು?

ಶಾರ್ಟ್‌ಕಟ್ ಶಂಕ್ರ

ಬಹಳ ಸುಲಭ ಗುರು. ದಿನಾಂಕದಿಂದ 90 ದಿನ ಕಳೆದುಬಿಡಿ. ಏಪ್ರಿಲ್ 1 ಹೋಗಿ ಜನವರಿ 1 ಆಗುತ್ತೆ, ಆಮೇಲೆ ಮಾಮೂಲಿ ಪಿವಟ್ ಗ್ರೂಪಿಂಗ್ ಕೊಟ್ಟರೆ ಮುಗೀತು. ಪಕ್ಕದ ಕಾಲಮ್‌ನಲ್ಲಿ `=A2-90` ಹಾಕಿ ಎಳೀರಿ. ಎಲ್ಲಾದರೂ #VALUE! ಬಂದ್ರೆ IFERROR ಸುತ್ತಿ ಖಾಲಿ ಬಿಡಿ. ನಾನು ಹೀಗೇ ಮಾಡೋದು, ಎರಡು ನಿಮಿಷದ ಕೆಲಸ.

ಲೆಡ್ಜರ್ ಲಲಿತಾ

ಶಂಕ್ರ, ಮೂರು ತಿಂಗಳು ಹಿಂದೆ ತಳ್ಳಬೇಕು ಅನ್ನೋ ಯೋಚನೆ ಸರಿ. ಆದರೆ ಮೂರು ತಿಂಗಳು ಅಂದ್ರೆ 90 ದಿನ ಅಲ್ಲ. ಜೂನ್ 30ರಿಂದ 90 ಕಳೆದು ನೋಡಿ, ಏಪ್ರಿಲ್ 1 ಬರುತ್ತೆ. ಅಂದ್ರೆ ಜೂನ್ 30ರ ಬಿಲ್ಲು Q1ರಲ್ಲಿ ಇರಬೇಕಾದದ್ದು Q2ಗೆ ಹಾರುತ್ತೆ. ಸೆಪ್ಟೆಂಬರ್ 29, 30 ಎರಡೂ Q3ಗೆ ಹೋಗ್ತವೆ. ಡಿಸೆಂಬರ್ 30, 31 Q4ಗೆ. ಅಧಿಕ ವರ್ಷದಲ್ಲಿ ಇನ್ನೂ ಚೆಂದ: 2024ರ ಮಾರ್ಚ್ 31ರಿಂದ 90 ಕಳೆದರೆ 2024ರ ಜನವರಿ 1 ಬರುತ್ತೆ. 2023-24ರ ಕೊನೆಯ ದಿನದ ಪೂರ್ತಿ ವ್ಯವಹಾರ 2024-25ರ ಮೊದಲ ಕ್ವಾರ್ಟರ್‌ನಲ್ಲಿ ಕೂರುತ್ತೆ. ವರ್ಷದ ಕೊನೇ ದಿನ ಬಾಕಿ ವಸೂಲಿ, ಸರಿಹೊಂದಿಸುವ ಎಂಟ್ರಿ ಎಲ್ಲಾ ರಾಶಿ ಬೀಳುವ ದಿನ ಅಲ್ವಾ, ಅದೇ ತಪ್ಪಿದರೆ ಏನು ಕಥೆ?

ಗೊಬ್ಬರದಂಗಡಿಯವರೇ, ಪಿವಟ್‌ನ Groupನಲ್ಲಿ ವರ್ಷ ಯಾವ ತಿಂಗಳಿಂದ ಶುರು ಅಂತ ಹೇಳುವ ಸೌಲಭ್ಯ ಇಲ್ಲ. ಗೂಗಲ್ ಶೀಟ್ಸ್‌ನಲ್ಲೂ ಇಲ್ಲ. ಅದನ್ನು ಮರೆತುಬಿಡಿ. ಮೂಲ ಶೀಟಿನಲ್ಲೇ ಮೂರು ಕಾಲಮ್ ಸೇರಿಸಿ. A ಕಾಲಮ್‌ನಲ್ಲಿ ದಿನಾಂಕ ಇದೆ ಅಂದುಕೊಂಡರೆ B, C, Dಗೆ ಕ್ರಮವಾಗಿ:

```
=YEAR(A2)-(MONTH(A2)<4)
=B2&"-"&TEXT(MOD(B2+1,100),"00")
="Q"&(INT(MOD(MONTH(A2)-4,12)/3)+1)
```

ಮೊದಲನೆಯದು ಹಣಕಾಸು ವರ್ಷ ಶುರುವಾಗುವ ಇಸವಿ. ತಿಂಗಳು ಏಪ್ರಿಲ್‌ಗಿಂತ ಹಿಂದಿನದಾದರೆ ಇಸವಿಯಿಂದ ಒಂದು ಕಳೆಯುತ್ತೆ, ಅಷ್ಟೇ. ಎರಡನೆಯದು ಅದನ್ನೇ 2024-25 ಅಂತ ಬರೆದು ಕೊಡುತ್ತೆ. ಆ "00" ಬಿಡಬೇಡಿ. ಬಿಟ್ಟರೆ 2008-09 ಹೋಗಿ 2008-9 ಆಗುತ್ತೆ. ಮೂರನೆಯದು ಏಪ್ರಿಲ್ ಅನ್ನು ಸೊನ್ನೆ ಅಂತ ಇಟ್ಟುಕೊಂಡು ಮಾರ್ಚ್‌ವರೆಗೆ ಹನ್ನೊಂದು ಅಂತ ಎಣಿಸುತ್ತೆ, ಮೂರು ಮೂರಾಗಿ ಭಾಗ ಮಾಡುತ್ತೆ. ಆಮೇಲೆ ಪಿವಟ್‌ನ Rows ಜಾಗಕ್ಕೆ C ಮತ್ತು D ಎಳೆದುಹಾಕಿ. ದಿನಾಂಕದ ಕಾಲಮ್ ಅಲ್ಲಿಗೆ ಬೇಡವೇ ಬೇಡ.

ಶಾರ್ಟ್‌ಕಟ್ ಶಂಕ್ರ

ನನ್ನ ಫೈಲಲ್ಲಿ ವರ್ಷದ ಮೊತ್ತ ಯಾವಾಗಲೂ ಸರಿ ಬಂದಿದೆ ಮೇಡಂ. ಒಂದೆರಡು ದಿನ ಆಚೀಚೆ ಆದ್ರೆ ಕ್ವಾರ್ಟರ್ ರಿಪೋರ್ಟಿಗೆ ಏನಾಗಲ್ಲ.

ಲೆಡ್ಜರ್ ಲಲಿತಾ

ವರ್ಷದ ಮೊತ್ತ ಸರಿ ಬರೋದು ಮಾರ್ಚ್ 31, 2024 ನಿಮ್ಮ ಫೈಲಲ್ಲಿ ಇಲ್ಲದೆ ಇದ್ದರೆ. ಗೊಬ್ಬರದ ಅಂಗಡಿಗೆ ಜೂನ್ 30 ಅಂದ್ರೆ ಮುಂಗಾರು ಬಿತ್ತನೆಯ ಸುಗ್ಗಿ. ಆ ಒಂದು ದಿನದ ಮಾರಾಟ ಅವರಿಗೆ ಫೆಬ್ರವರಿಯ ಒಂದು ವಾರದ್ದಕ್ಕಿಂತ ಜಾಸ್ತಿ ಇರಬಹುದು. ಕಳೆಯುವ ಆಸೆ ಇದ್ದರೆ `=EDATE(A2,-3)` ಬಳಸಿ, ಅದು ತಿಂಗಳನ್ನೇ ಹಿಂದಕ್ಕೆ ಸರಿಸುತ್ತೆ. ಮೇ 31 ಕೊಟ್ಟರೆ ಫೆಬ್ರವರಿಯ ಕೊನೆ ದಿನಕ್ಕೆ ನಿಲ್ಲುತ್ತೆ, ಮಾರ್ಚ್‌ಗೆ ಜಾರಲ್ಲ. ಆ ಕಾಲಮ್‌ಗೆ Date ಫಾರ್ಮ್ಯಾಟ್ ಕೊಟ್ಟು, ನೀವು ಹೇಳಿದ ಹಾಗೆ ಪಿವಟ್ ಗ್ರೂಪಿಂಗ್ ಮಾಡಿದರೂ ಕ್ವಾರ್ಟರ್ ಸರಿ ಬರುತ್ತೆ. ವರ್ಷ ಮಾತ್ರ ಬರೀ 2024 ಅಂತ ಕಾಣುತ್ತೆ, ಓದುವವರು ಅದನ್ನು ಜನವರಿಯಿಂದ ಅಂತಲೇ ತಿಳ್ಕೊತಾರೆ.

ಷೇರುಪೇಟೆ ಹುಡುಗ

ಒಂದು ನಿಮಿಷ, ಎಲ್ಲರೂ ತಪ್ಪು ಹೇಳ್ತಿದ್ದೀರ ಅನಿಸುತ್ತೆ. ತೆರಿಗೆ ಲೆಕ್ಕಕ್ಕೆ ಮೊದಲ ಕ್ವಾರ್ಟರ್ ಜೂನ್ 15ಕ್ಕೆ ಮುಗಿಯುತ್ತೆ, ಜೂನ್ 30ಕ್ಕಲ್ಲ. ನಾನು ಪ್ರತಿ ವರ್ಷ ರಿಟರ್ನ್‌ನಲ್ಲಿ ಷೇರು ಲಾಭ ತುಂಬುವಾಗ ಏಪ್ರಿಲ್ 1ರಿಂದ ಜೂನ್ 15, ಜೂನ್ 16ರಿಂದ ಸೆಪ್ಟೆಂಬರ್ 15, ಹೀಗೇ ಕೇಳ್ತಾರೆ. ಆಡಿಟರ್ ಕೇಳಿದ್ದು ಅದನ್ನೇ ಇರಬೇಕು.

ಲೆಡ್ಜರ್ ಲಲಿತಾ

ನೀವು ಹೇಳ್ತಿರೋದು ಬೇರೆ ವಿಷಯ. ಅದು ಮುಂಗಡ ತೆರಿಗೆಯ ಕಂತುಗಳಿಗೆ ಹೊಂದಿಸಿದ ವಿಂಗಡಣೆ. ಕಂತಿನ ಗಡುವು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ಷೇರು ಲಾಭ, ಡಿವಿಡೆಂಡ್ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಿರಲ್ಲವಲ್ಲ, ಯಾವ ಗಡುವಿನ ನಂತರ ಬಂತು ಅಂತ ತಿಳಿದರೆ ತಾನೇ ಬಡ್ಡಿ ಹಾಕಬೇಕೋ ಬೇಡವೋ ಗೊತ್ತಾಗೋದು. ಅದಕ್ಕೇ ಆ ಕೋಷ್ಟಕ. ಎಣಿಸಿ ನೋಡಿ, ಅಲ್ಲಿ ನಾಲ್ಕು ಅಲ್ಲ, ಐದು ಕಾಲಮ್ ಇರುತ್ತೆ. ಕೊನೆಯದು ಮಾರ್ಚ್ 16ರಿಂದ 31. ಅಂಗಡಿ ಮಾರಾಟಕ್ಕೆ ಅದು ಬೇಡ. ಟಿಡಿಎಸ್ ರಿಟರ್ನ್ ಆಗಲಿ, ಜಿಎಸ್‌ಟಿಯ ಮೂರು ತಿಂಗಳ ಯೋಜನೆ ಆಗಲಿ, ಏಪ್ರಿಲ್-ಜೂನ್ ಅಂತಲೇ ಹೋಗೋದು.

ನಿಮ್ಮ ಐದು ಅವಧಿಗೆ ತಿಂಗಳ ಸೂತ್ರ ಕೆಲಸ ಮಾಡಲ್ಲ, ಯಾಕಂದ್ರೆ ಗಡಿ ತಿಂಗಳ ಮಧ್ಯೆ ಬೀಳುತ್ತೆ. H ಕಾಲಮ್‌ನಲ್ಲಿ ಅವಧಿ ಶುರುವಾಗುವ ದಿನಾಂಕ (1 ಏಪ್ರಿಲ್, 16 ಜೂನ್, 16 ಸೆಪ್ಟೆಂಬರ್, 16 ಡಿಸೆಂಬರ್, 16 ಮಾರ್ಚ್), I ಕಾಲಮ್‌ನಲ್ಲಿ ಹೆಸರು ಬರೆದು ಹುಡುಕಿಸಿ:

```
=VLOOKUP(A2,$H$2:$I$6,2,TRUE)
```

ಕೊನೆಯ TRUE ಮುಖ್ಯ. ಅದಿದ್ದರೆ ಮಾತ್ರ ಆ ದಿನಾಂಕಕ್ಕಿಂತ ಹಿಂದಿನ ಹತ್ತಿರದ ಸಾಲು ಸಿಗುತ್ತೆ. ದಿನಾಂಕಗಳು ಇಸವಿ ಸಮೇತ, ಮೇಲಿಂದ ಕೆಳಗೆ ಏರುತ್ತಾ ಇರಬೇಕು. ಇದು ಒಂದು ವರ್ಷಕ್ಕೆ ಮಾತ್ರ ಸಾಕು, ಮುಂದಿನ ವರ್ಷ ಬಂದರೆ ಇನ್ನೈದು ಸಾಲು ಸೇರಿಸಿ, ಸೂತ್ರದಲ್ಲಿ $I$6 ಇರುವುದನ್ನು $I$11 ಮಾಡಿ.

ಮಂಗ್ಳೂರು ಎಂಐಎಸ್

ಅದನ್ನೇ ನಾನು ಹೇಳೋಣ ಅಂತಿದ್ದೆ. ಸೂತ್ರದ ಗೋಜೇ ಬೇಡ, ಕ್ವಾರ್ಟರಿಗೂ ಇದೇ ತರ ಟೇಬಲ್ ಇಟ್ಟುಕೊಳ್ಳಿ. ನಾವು ಆಫೀಸಿನಲ್ಲಿ ದಿನಕ್ಕೊಂದು ಸಾಲಿನ ಕ್ಯಾಲೆಂಡರ್ ಟೇಬಲ್ ಇಟ್ಟಿದ್ದೀವಿ: ದಿನಾಂಕ, ಹಣಕಾಸು ವರ್ಷ, ಕ್ವಾರ್ಟರ್, ಏಪ್ರಿಲ್‌ನಿಂದ ಎಣಿಸಿದ ತಿಂಗಳ ಸಂಖ್ಯೆ. ನಮ್ಮ ಮಾತೃ ಕಂಪನಿಗೆ ಜನವರಿಯಿಂದ ವರ್ಷ, ಇಲ್ಲಿನ ಕಂಪನಿಗೆ ಏಪ್ರಿಲ್‌ನಿಂದ, ಎರಡೂ ಒಂದೇ ಟೇಬಲ್‌ನಲ್ಲಿ ಎರಡು ಕಾಲಮ್. ರಿಪೋರ್ಟ್ ಮಾಡುವವರು ಯಾವುದು ಬೇಕೋ ಅದನ್ನು ಎಳೆದುಕೊಳ್ತಾರೆ. ಸೂತ್ರ ಆದ್ರೆ ಇಪ್ಪತ್ತು ಫೈಲಲ್ಲಿ ಇಪ್ಪತ್ತು ತರ ಬರೆದಿರ್ತಾರೆ.

ಲೆಡ್ಜರ್ ಲಲಿತಾ

ಕಂಪನಿಗೆ ಸರಿ. ಒಂದು ಅಂಗಡಿ, ಒಂದು ಶೀಟು, ಒಬ್ಬರೇ ಲೆಕ್ಕ ಬರೆಯುವವರು ಇದ್ದರೆ ಮೂರು ಕಾಲಮ್ ಸಾಕು.

ಗೊಬ್ಬರದಂಗಡಿ

ಲಲಿತಾ ಮೇಡಂ, ಬಿಲ್ಲಿನ ಫೈಲಿಗೆ ನಿಮ್ಮ ಸೂತ್ರ ಹಾಕಿದೆ, ಮೂರು ವರ್ಷವೂ ಸರಿಯಾಗಿ ಬಂತು. ತುಂಬಾ ಥ್ಯಾಂಕ್ಸ್. ಅದೇ ಖುಷಿಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಹಾಕಿದೆ. ಅಲ್ಲಿ ಕೆಲವು ಸಾಲಿಗೆ #VALUE! ಬಂತು, ಶಂಕ್ರ ಅಣ್ಣ ಹೇಳಿದ ಹಾಗೆ IFERROR ಹಾಕಿ ಖಾಲಿ ಬಿಟ್ಟೆ. ಈಗ ಪಿವಟ್ ನೋಡಿದ್ರೆ ತಲೆ ಕೆಟ್ಟುಹೋಗ್ತಿದೆ. ಮೊತ್ತ ಎಲ್ಲೆಲ್ಲೋ ಇದೆ, ಹೆಸರಿಲ್ಲದ ಒಂದು ಸಾಲಲ್ಲಿ ಅರ್ಧ ದುಡ್ಡು ಕೂತಿದೆ. ಫೈಲು CSV, ಡಬಲ್ ಕ್ಲಿಕ್ ಮಾಡಿ ಅಪ್ಪನ ಹಳೇ ಲ್ಯಾಪ್‌ಟಾಪಿನ ಎಕ್ಸೆಲ್‌ನಲ್ಲಿ ತೆಗೆದದ್ದು. ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಸಾಲುಗಳು ಹೀಗಿವೆ (ಮಾದರಿಗೆ ಐದು ಮಾತ್ರ ಹಾಕಿದ್ದೀನಿ):

```
03/04/2024,48200
17/04/2024,12500
05/01/2025,9750
31/03/2025,61000
01/04/2025,22300
```

ಲೆಡ್ಜರ್ ಲಲಿತಾ

ಇದು ಸೂತ್ರದ ತಪ್ಪಲ್ಲ, ದಿನಾಂಕ ಒಳಗೆ ಬರುವಾಗಲೇ ಕೆಟ್ಟಿದೆ. ಬ್ಯಾಂಕು ದಿನ/ತಿಂಗಳು/ಇಸವಿ ಅಂತ ಬರೆದಿದೆ. ನಿಮ್ಮ ಅಪ್ಪನ ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಇದೆ, ಅದು ತಿಂಗಳು/ದಿನ/ಇಸವಿ ಅಂತ ಓದುತ್ತೆ. ಒಂದೊಂದೇ ಸಾಲು ನೋಡೋಣ.

03/04/2024 ಅಂದ್ರೆ ಏಪ್ರಿಲ್ 3. ಎಕ್ಸೆಲ್ ಅದನ್ನು ಮಾರ್ಚ್ 4 ಅಂತ ಓದಿ 2023-24ರ Q4ಗೆ ಕಳಿಸಿದೆ. ಎರಡನೇ ಸಾಲಿನಲ್ಲಿ ಹದಿನೇಳನೇ ತಿಂಗಳು ಅಂತ ಇಲ್ಲದ ಕಾರಣ ಅದನ್ನು ದಿನಾಂಕ ಅಂತಲೇ ಒಪ್ಪಿಲ್ಲ, ಬರೀ ಅಕ್ಷರವಾಗಿ ಉಳಿಸಿದೆ. ಅದೇ #VALUE!. ಜನವರಿ 5 ಹೋಗಿ ಮೇ 1 ಆಗಿದೆ, 2025-26ರ Q1ರಲ್ಲಿ ಸಿಗುತ್ತೆ. ಮಾರ್ಚ್ 31 ಮತ್ತೆ ಅಕ್ಷರ. 2025ರ ಏಪ್ರಿಲ್ 1 ಹೋಗಿ ಜನವರಿ 4 ಆಗಿ 2024-25ರ Q4ಗೆ ಬಂದಿದೆ. ಐದರಲ್ಲಿ ಒಂದೂ ಸರಿಯಾದ ಜಾಗದಲ್ಲಿಲ್ಲ. ಆದರೂ ಒಟ್ಟು 1,53,750 ಸರಿಯಾಗೇ ಇರುತ್ತೆ, ಅದಕ್ಕೇ ಇದು ಬೇಗ ಕಣ್ಣಿಗೆ ಬೀಳಲ್ಲ. ಬರಬೇಕಾದದ್ದು 2024-25 Q1ಕ್ಕೆ 60,700, Q4ಕ್ಕೆ 70,750, 2025-26 Q1ಕ್ಕೆ 22,300. ನಿಮ್ಮಲ್ಲಿ ಖಾಲಿ ಹೆಸರಿನ ಸಾಲಲ್ಲೇ 73,500 ಕೂತಿರಬೇಕು, ನೋಡಿ.

IFERROR ಮೊದಲು ಕಿತ್ತುಹಾಕಿ. #VALUE! ಬಂದದ್ದು ಒಳ್ಳೇದೇ, ಅದೊಂದೇ ನಿಮಗೆ ಸುಳಿವು ಕೊಟ್ಟಿದ್ದು. ಕೆಟ್ಟಿರೋದು ಆ ಸಾಲು ಮಾತ್ರ ಅಂದುಕೊಳ್ಳಬೇಡಿ, ತಪ್ಪಿಲ್ಲದ ಹಾಗೆ ಕಾಣುವ ಸಾಲುಗಳೇ ಜಾಸ್ತಿ ಅಪಾಯ.

ಗೊಬ್ಬರದಂಗಡಿ

ಹೌದು ಮೇಡಂ, ಆ ಐದು ಸಾಲಿಗೆ ಖಾಲಿ ಜಾಗದಲ್ಲಿ 73,500 ಇದೆ! ಹಾಗಾದ್ರೆ ಅಕ್ಷರ ಆಗಿರೋದನ್ನು ಮಾತ್ರ ಕೈಯಲ್ಲಿ ತಿದ್ದಿದ್ರೆ ಸಾಲದು ಅಂತಾಯ್ತು.

ಲೆಡ್ಜರ್ ಲಲಿತಾ

ಸಾಲದು. ತಿದ್ದೋಕೂ ಹೋಗಬೇಡಿ, ಮೂಲ ಫೈಲಿನಿಂದ ಮತ್ತೆ ತನ್ನಿ. ಹಳೇ ಎಕ್ಸೆಲ್ ಆದರೆ CSV ಫೈಲಿನ ಹೆಸರಿನ ಕೊನೆಯನ್ನು `.txt` ಅಂತ ಬದಲಿಸಿ, ಆಮೇಲೆ ಎಕ್ಸೆಲ್ ಒಳಗಿಂದ File, Open ಕೊಡಿ. ಆಗ ಮೂರು ಹಂತದ ಒಂದು ಕಿಟಕಿ ಬರುತ್ತೆ. ಎರಡನೇ ಹಂತದಲ್ಲಿ Comma ಆರಿಸಿ, ಮೂರನೇ ಹಂತದಲ್ಲಿ ದಿನಾಂಕದ ಕಾಲಮ್ ಮೇಲೆ ಒತ್ತಿ Date ಪಕ್ಕದಲ್ಲಿ DMY ಆರಿಸಿ. ಫೈಲು `.csv` ಆಗಿಯೇ ಇದ್ದರೆ ಆ ಕಿಟಕಿ ಬರೋದೇ ಇಲ್ಲ, ಸೀದಾ ತೆರೆದುಕೊಳ್ಳುತ್ತೆ.

ಆದ ಮೇಲೆ ಪರೀಕ್ಷೆ ಮಾಡಿ. `=COUNT(A2:A5000)` ಮತ್ತು `=COUNTA(A2:A5000)` ಎರಡೂ ಒಂದೇ ಸಂಖ್ಯೆ ಬರಬೇಕು. ಮೊದಲನೆಯದು ನಿಜವಾದ ದಿನಾಂಕ ಮಾತ್ರ ಎಣಿಸುತ್ತೆ, ಎರಡನೆಯದು ಏನಿದ್ದರೂ ಎಣಿಸುತ್ತೆ. ಆಮೇಲೆ `=MIN` ಮತ್ತು `=MAX` ನೋಡಿ. ಸ್ಟೇಟ್‌ಮೆಂಟ್ ಏಪ್ರಿಲ್ 30ಕ್ಕೆ ಮುಗಿದಿದ್ದರೆ MAX ಡಿಸೆಂಬರ್ ತೋರಿಸಬಾರದು ಅಲ್ವಾ.

ಮಂಗ್ಳೂರು ಎಂಐಎಸ್

ಹೊಸ ಎಕ್ಸೆಲ್ ಇರುವವರು Data ಟ್ಯಾಬ್‌ನ From Text/CSV ಬಳಸಿ, Transform Data ಒತ್ತಿ, ದಿನಾಂಕದ ಕಾಲಮ್‌ಗೆ Change Type, Using Locale, Date, English (India) ಕೊಡಿ. ಆಗ Replace current ಬೇಕಾ ಅಂತ ಕೇಳುತ್ತೆ, ಹೌದು ಅನ್ನಿ. Add new step ಅಂದ್ರೆ ಅದು ಮೊದಲೇ ತಾನೇ ತಾನಾಗಿ ಅಮೆರಿಕದ ರೀತಿ ಓದಿ ಕೆಡಿಸಿದ್ದರ ಮೇಲೆ ಕೂರುತ್ತೆ, ಏನೂ ಸರಿಹೋಗಲ್ಲ. ಶೀಟ್ಸ್ ಬಳಸುವವರು File, Settings, Locale ಅಲ್ಲಿ India ಮಾಡಿ, ಅದಾದ ಮೇಲೆ ಫೈಲು ತನ್ನಿ.

ಸಂಘದ ಗುಮಾಸ್ತ

ನಮ್ಮ ಸಹಕಾರ ಸಂಘದಲ್ಲಿ ಹಳೇ ಸಾಲದ ಖಾತೆ 2008ರಿಂದ ಇವೆ. ಲಲಿತಾ ಮೇಡಂ ಅವರ ಸೂತ್ರ ಹಾಕಿ ನೋಡಿದೆ, ಚೆನ್ನಾಗಿದೆ. ಎರಡು ವಿಚಿತ್ರ ಕಂಡೆ. ಒಂದು, ಪಿವಟ್‌ನ ಮೇಲ್ತುದಿಯಲ್ಲಿ 1899-00 ಅಂತ ಒಂದು ವರ್ಷ ಬಂದಿದೆ. ನಮ್ಮ ಸಂಘ ಆಗ ಹುಟ್ಟೇ ಇರಲಿಲ್ಲ. ಎರಡು, ಶೀಟನ್ನು CSV ಮಾಡಿ ಜಿಲ್ಲಾ ಕಚೇರಿಗೆ ಕಳಿಸಿದ್ದೆ. ಅವರು ತೆಗೆದು ನೋಡಿದಾಗ 2009-10 ಅನ್ನೋದು ಅಕ್ಟೋಬರ್ 2009 ಆಗಿತ್ತಂತೆ. 2015-16 ಹಾಗೇ ಇತ್ತು. ಇದೇನು ಮಾಯೆ?

ಲೆಡ್ಜರ್ ಲಲಿತಾ

1899-00 ಬಂದರೆ ದಿನಾಂಕ ಖಾಲಿ ಇರುವ ಸಾಲುಗಳಿವೆ ಅಂತ ಅರ್ಥ. ಖಾಲಿ ಅಂದ್ರೆ ಎಕ್ಸೆಲ್‌ಗೆ ಸೊನ್ನೆ, ಸೊನ್ನೆ ಅಂದ್ರೆ ಅದರ ಲೆಕ್ಕದಲ್ಲಿ 1900ರ ಜನವರಿ. ನಮ್ಮ ಸೂತ್ರ ಅದನ್ನು 1899-00ರ Q4 ಅಂತ ಇಟ್ಟಿದೆ. ಶೀಟ್ಸ್‌ನಲ್ಲಾದರೆ ಸೊನ್ನೆ ಅಂದ್ರೆ 1899ರ ಡಿಸೆಂಬರ್ 30, ಹಾಗಾಗಿ ಅಲ್ಲಿ Q3 ಅಂತ ಬರುತ್ತೆ. ಆ ಸಾಲುಗಳನ್ನು ಹುಡುಕಿ ದಿನಾಂಕ ತುಂಬಿ, ಮರೆಮಾಚಬೇಡಿ.

ಎರಡನೆಯದಕ್ಕೆ ಕಾರಣ ಸರಳ. CSVನಲ್ಲಿ ಇದು ಅಕ್ಷರ, ಇದು ದಿನಾಂಕ ಅನ್ನೋ ಗುರುತು ಉಳಿಯಲ್ಲ. ತೆಗೆಯುವ ಎಕ್ಸೆಲ್ 2009-10 ನೋಡಿ ಇಸವಿ-ತಿಂಗಳು ಅಂದುಕೊಳ್ಳುತ್ತೆ. 2000-01ರಿಂದ 2011-12ರವರೆಗೆ ಎಲ್ಲ ವರ್ಷಕ್ಕೂ ಈ ಕಾಟ ಇದೆ. 2012-13ರಿಂದ ಈಚೆಗೆ ಇಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. ಕ್ವಾರ್ಟರ್ ಸೇರಿಸಿ ಒಂದೇ ಹೆಸರು ಮಾಡಿದರೆ ಬಚಾವ್: `=C2&" "&D2` ಹಾಕಿ, 2009-10 Q3 ಅಂತ ಬರುತ್ತೆ, ಅದನ್ನು ಯಾರೂ ದಿನಾಂಕ ಅಂತ ಓದಲ್ಲ. ವರ್ಷ ಮೊದಲು, ಕ್ವಾರ್ಟರ್ ಆಮೇಲೆ. Q3 2009-10 ಅಂತ ಬರೆದರೆ ಸಾರ್ಟ್ ಮಾಡಿದಾಗ ಹದಿನೈದು ವರ್ಷದ Q1 ಎಲ್ಲಾ ಒಟ್ಟಿಗೆ ಬಂದು ಕೂರ್ತವೆ.

ಬಿಟಿಎಂ ಕೋಡರ್

ಎಕ್ಸೆಲ್ ಆಚೆ ಇರುವವರಿಗೂ ಒಂದು ಮಾತು. ಲಲಿತಾ ಅವರ ಕ್ವಾರ್ಟರ್ ಸೂತ್ರವನ್ನು ಹಾಗೇ MySQLಗೆ ಒಯ್ದರೆ ಜನವರಿ, ಫೆಬ್ರವರಿ, ಮಾರ್ಚ್ ಕೆಡುತ್ತೆ. ಎಕ್ಸೆಲ್‌ನಲ್ಲಿ MOD(-3,12) ಅಂದ್ರೆ 9. MySQL, PostgreSQLನಲ್ಲಿ ಅದು -3. ನಾಲ್ಕು ಕಳೆಯೋ ಬದಲು ಎಂಟು ಕೂಡಿಸಿ, ಸಂಖ್ಯೆ ಸೊನ್ನೆಗಿಂತ ಕೆಳಗೆ ಇಳಿಯಲ್ಲ. MySQLಗೆ:

```
SELECT YEAR(d) - (MONTH(d) < 4) AS fy,
  FLOOR(((MONTH(d) + 8) % 12) / 3) + 1 AS q
FROM (SELECT DATE(created_at
  + INTERVAL 330 MINUTE) AS d FROM txn) t;
```

ಆ 330 ನಿಮಿಷ ಯಾಕೆ ಅಂದ್ರೆ ನಮ್ಮ ಸರ್ವರ್ ಸಮಯ ಯುಟಿಸಿಯಲ್ಲಿದೆ. ನಮಗೆ ಏಪ್ರಿಲ್ 1ರ ಮಧ್ಯರಾತ್ರಿ ಆದಾಗ ಅಲ್ಲಿ ಇನ್ನೂ ಮಾರ್ಚ್ 31ರ ಸಂಜೆ 6:30. ಏಪ್ರಿಲ್ 1ರ ಬೆಳಗಿನ ಜಾವ ಐದೂವರೆವರೆಗೆ ಆದ ಬುಕಿಂಗ್ ಎಲ್ಲಾ ಹಳೇ ವರ್ಷಕ್ಕೆ ಸೇರುತ್ತಿತ್ತು. ಇನ್ನೊಂದು, ವರ್ಷ ಸೋಸುವಾಗ `BETWEEN '2024-04-01' AND '2025-03-31'` ಬರೆಯಬೇಡಿ. ಕಾಲಮ್‌ನಲ್ಲಿ ಗಂಟೆಯೂ ಇದ್ದರೆ ಅದು ಮಾರ್ಚ್ 31ರ ಮಧ್ಯರಾತ್ರಿಗೇ ನಿಲ್ಲುತ್ತೆ, ಆ ಇಡೀ ದಿನ ಹೊರಗೆ. `>= '2024-04-01' AND < '2025-04-01'` ಅನ್ನೋ ಅರ್ಥದಲ್ಲಿ ಬರೆಯಿರಿ.

ಗೊಬ್ಬರದಂಗಡಿ

ರಾತ್ರಿ ಒಂದು ಗಂಟೆಗೆ ಯೂರಿಯಾ ಕೇಳೋಕೆ ಯಾರೂ ಬರಲ್ಲ ಸಾರ್, ಅದೊಂದು ನೆಮ್ಮದಿ.

ಷೇರುಪೇಟೆ ಹುಡುಗ

ನನ್ನ ಐದು ಸಾಲಿನ ಟೇಬಲ್ ಕೆಲಸ ಮಾಡ್ತು. ಆದರೆ ಒಂದು ಗೊಂದಲ. ಕಂಪನಿಗಳು Q1 FY25 ಅಂತ ಫಲಿತಾಂಶ ಕೊಡ್ತಾರಲ್ಲ, ಅದು 2024ರದ್ದೋ 2025ರದ್ದೋ?

ಮಂಗ್ಳೂರು ಎಂಐಎಸ್

ಮುಗಿಯುವ ವರ್ಷದ ಹೆಸರು. FY25 ಅಂದ್ರೆ 2025ರ ಮಾರ್ಚ್‌ಗೆ ಮುಗಿಯೋದು, Q1 FY25 ಅಂದ್ರೆ 2024ರ ಏಪ್ರಿಲ್-ಜೂನ್. ನಾವು ಎಲ್ಲಾ ಕಡೆ FY25 ಅಂತಲೇ ಬರೀತೀವಿ, ಚಿಕ್ಕದು, ಚಾರ್ಟ್‌ನಲ್ಲಿ ಜಾಗ ಉಳಿಯುತ್ತೆ.

ಬಿಟಿಎಂ ಕೋಡರ್

ಪೈಥಾನ್‌ನ pandasನಲ್ಲೂ ಹಾಗೇ. `df["d"].dt.to_period("Q-MAR")` ಕೊಟ್ಟರೆ 2024ರ ಏಪ್ರಿಲ್ 15 ಹೋಗಿ 2025Q1 ಆಗುತ್ತೆ. ಗೊತ್ತಿಲ್ಲದವರು ಅದನ್ನು 2025ರ ಜನವರಿ-ಮಾರ್ಚ್ ಅಂತ ಓದ್ತಾರೆ. ನಾನು ರಿಪೋರ್ಟಿಗೆ ಹಾಕುವ ಮುಂಚೆ ಬದಲಿಸಿಬಿಡ್ತೀನಿ.

ಲೆಡ್ಜರ್ ಲಲಿತಾ

ಅದಕ್ಕೇ ನಾನು 2024-25 ಅಂತ ಎರಡೂ ಇಸವಿ ಬರೀತೀನಿ, ಜಾಗ ಹೋದರೆ ಹೋಗಲಿ. ಅಂಗಡಿಯವರ ಹತ್ತಿರ FY25 ಅಂದ್ರೆ ಅರ್ಧ ಜನ 2025-26 ಅಂದುಕೊಳ್ತಾರೆ. ಇದರ ಮೇಲೆ ಅಸೆಸ್‌ಮೆಂಟ್ ಇಯರ್ ಬೇರೆ. 2024-25ರ ಆದಾಯಕ್ಕೆ ಅದು 2025-26. ಒಬ್ಬರು ಒಂದು ಕಾಲಮ್‌ನಲ್ಲಿ ಇದನ್ನು ಹಾಕಿ, ಇನ್ನೊಬ್ಬರು ಅದನ್ನು ಹಾಕಿ, ಎರಡು ಫೈಲು ಸೇರಿಸಿದರೆ ಒಂದು ವರ್ಷವೇ ಜಾರಿಹೋಗಿರುತ್ತೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಅಸೆಸ್‌ಮೆಂಟ್ ಇಯರ್ ಬದಲು ಟ್ಯಾಕ್ಸ್ ಇಯರ್ ಅಂತ ಒಂದೇ ಇರುತ್ತೆ. ಹಳೇ ವರ್ಷಗಳ ಕಡತಕ್ಕೆ ಮಾತ್ರ ಈ ತಾಪತ್ರಯ ಇನ್ನೂ ಕೆಲವು ಕಾಲ ಇದ್ದೇ ಇದೆ.

ಗೊಬ್ಬರದಂಗಡಿ

`.txt` ಮಾಡಿ ಮತ್ತೆ ತಂದೆ. COUNT, COUNTA ಎರಡೂ ಸರಿಹೋದವು, MAX ಕೂಡ ಸರಿ. ಪಿವಟ್ ಈಗ ಅರ್ಥ ಆಗೋ ಹಾಗಿದೆ. ಆದರೆ 2023-24ರ Q4ನಲ್ಲಿ ಬ್ಯಾಂಕಿನ ಮೊತ್ತಕ್ಕೂ ನಮ್ಮ ವಸೂಲಿ ಪುಸ್ತಕಕ್ಕೂ ಹೊಂದಿಕೆ ಆಗ್ತಿಲ್ಲ. ಹುಡುಕಿದಾಗ ಸಿಕ್ಕಿದ್ದು ಒಂದು ಚೆಕ್. ರೈತರೊಬ್ಬರು ಮಾರ್ಚ್ ಕೊನೆಯಲ್ಲಿ ಕೊಟ್ಟದ್ದು, ನಾವು ಅಂದೇ ರಸೀದಿ ಕೊಟ್ಟಿದ್ದೀವಿ, ಬ್ಯಾಂಕಿನಲ್ಲಿ ಜಮಾ ಆಗಿದ್ದು ಏಪ್ರಿಲ್ ಮೊದಲ ವಾರ. ಯಾವ ದಿನಾಂಕ ಹಿಡಿಯಲಿ?

ಸಂಘದ ಗುಮಾಸ್ತ

ನಮ್ಮಲ್ಲಿ ರಸೀದಿಯ ದಿನಾಂಕವೇ. ಬ್ಯಾಂಕ್ ಯಾವಾಗ ಹಾಕಿತು ಅನ್ನೋದು ಬ್ಯಾಂಕಿನ ಹೊಂದಾಣಿಕೆ ಪಟ್ಟಿಯಲ್ಲಿ ತೋರಿಸ್ತೀವಿ.

ಲೆಡ್ಜರ್ ಲಲಿತಾ

ನಾನೂ ಅದನ್ನೇ ಹೇಳೋದು. ಪುಸ್ತಕದ ರಿಪೋರ್ಟು ಪುಸ್ತಕದ ದಿನಾಂಕದ ಮೇಲೆ ನಿಲ್ಲಬೇಕು. ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಇದೆ, ಬ್ಯಾಂಕಿನಲ್ಲಿ ಇಲ್ಲ ಅನ್ನೋ ಚೆಕ್‌ಗಳ ಪಟ್ಟಿ ಬೇರೆ ಮಾಡಿ ಕೊಡಿ, ಆಡಿಟರ್ ಅದನ್ನು ಕೇಳೇ ಕೇಳ್ತಾರೆ. ಮಾರಾಟಕ್ಕಾದರೆ ಬಿಲ್ಲಿನ ದಿನಾಂಕ, ದುಡ್ಡು ಯಾವಾಗ ಬಂತು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ.

ಮಂಗ್ಳೂರು ಎಂಐಎಸ್

ನಾನು ಒಪ್ಪಲ್ಲ. ದುಡ್ಡು ಯಾವ ಕ್ವಾರ್ಟರಲ್ಲಿ ಕೈಗೆ ಬಂತು ಅಂತ ನೋಡೋ ರಿಪೋರ್ಟ್ ಆದರೆ ಬ್ಯಾಂಕಿನ ದಿನಾಂಕವೇ ಸರಿ. ರಸೀದಿ ಕೊಟ್ಟ ಮಾತ್ರಕ್ಕೆ ಮಾರ್ಚ್‌ನಲ್ಲಿ ಆ ದುಡ್ಡಿನಿಂದ ಸ್ಟಾಕ್ ತರೋಕೆ ಆಗ್ತಿತ್ತಾ? ಚೆಕ್ ವಾಪಸ್ ಬಂದ್ರಂತೂ ಇನ್ನೂ ಚೆಂದ, Q4ನಲ್ಲಿ ಬಂದದ್ದೇ ಇಲ್ಲದ ದುಡ್ಡು ತೋರಿಸಿದ ಹಾಗೆ ಆಯ್ತು.

ಲೆಡ್ಜರ್ ಲಲಿತಾ

ವಾಪಸ್ ಬಂದದ್ದನ್ನು ವಾಪಸ್ ಬಂದ ದಿನವೇ ಬರೆಯಬೇಕು, ಮುಗಿದ ಕ್ವಾರ್ಟರಿಗೆ ಹಿಂದಕ್ಕೆ ಹೋಗಿ ಅಳಿಸೋದಲ್ಲ. ಆಡಿಟರ್‌ಗೆ ಒಂದು ಸಲ ಕೊಟ್ಟ Q4 ಅಂಕಿ ಮುಂದಿನ ತಿಂಗಳು ಬೇರೆ ಆಗಬಾರದು.

ಮಂಗ್ಳೂರು ಎಂಐಎಸ್

ಪುಸ್ತಕದಲ್ಲಿ ಸರಿ. ನಾನು ಹೇಳ್ತಿರೋದು ರಿಪೋರ್ಟಿನ ಮಾತು. ಎರಡು ದಿನಾಂಕಕ್ಕೂ ಎರಡು ಜೊತೆ ಕಾಲಮ್ ಇಟ್ಟುಕೊಳ್ಳಿ, ತಲೆಬರಹದಲ್ಲಿ "ರಸೀದಿ ದಿನಾಂಕದಂತೆ" ಅಂತಲೋ "ಬ್ಯಾಂಕ್ ದಿನಾಂಕದಂತೆ" ಅಂತಲೋ ಬರೆದುಬಿಡಿ.

ಶಾರ್ಟ್‌ಕಟ್ ಶಂಕ್ರ

EDATE ಹಾಕಿ ನೋಡಿದೆ. ಪರವಾಗಿಲ್ಲ, ಚೆನ್ನಾಗಿದೆ. ಒಂದು ಕಡೆ ಮಾತ್ರ #NUM! ಬಂತು.

ಲೆಡ್ಜರ್ ಲಲಿತಾ

ಅಲ್ಲಿ ದಿನಾಂಕ ಖಾಲಿ ಇದೆ. IFERROR ಹಾಕಬೇಡಿ ಮಾರಾಯ್ರೆ.

ಗೊಬ್ಬರದಂಗಡಿ

ಸದ್ಯಕ್ಕೆ ಎರಡೂ ಕಾಲಮ್ ಇಟ್ಟಿದ್ದೀನಿ. ಸೋಮವಾರ ಆಡಿಟರ್ ಹತ್ತಿರ ಹೋಗ್ತೀನಿ, ವಸೂಲಿಗೆ ಅವರಿಗೆ ಯಾವುದು ಬೇಕು ಅಂತ ಕೇಳಿ ಇಲ್ಲಿ ಹಾಕ್ತೀನಿ. ಅಂದಹಾಗೆ ಪಿವಟ್‌ನಲ್ಲಿ ಕ್ವಾರ್ಟರ್ ಒಳಗೆ ತಿಂಗಳೂ ತೋರಿಸೋಕೆ ಹೋದ್ರೆ Q1ರಲ್ಲಿ ಏಪ್ರಿಲ್, ಜೂನ್, ಮೇ ಅಂತ ಕ್ರಮ ತಪ್ಪಿ ಬರ್ತಿದೆ. ತಿಂಗಳ ಹೆಸರು ನಾನು ಕನ್ನಡದಲ್ಲೇ ಟೈಪ್ ಮಾಡಿದ್ದೀನಿ.

ಲೆಡ್ಜರ್ ಲಲಿತಾ

ಹೆಸರಿನ ಮುಂದೆ ಸಂಖ್ಯೆ ಹಾಕಿ. `=TEXT(MOD(MONTH(A2)-4,12)+1,"00")` ಏಪ್ರಿಲ್‌ಗೆ 01, ಮಾರ್ಚ್‌ಗೆ 12 ಕೊಡುತ್ತೆ. ಅದರ ಹಿಂದೆ ತಿಂಗಳ ಹೆಸರು ಅಂಟಿಸಿದರೆ ಕ್ರಮ ತಪ್ಪಲ್ಲ.